ಯಾವ ಪೋಸ್ಟ್ ದುಡ್ಡು ತಂದಿತು? ಎರಡು ರಿಟರ್ನ್ ಸೀಸನ್ ಬಳಸಿದ ಮೇಲೆ ವಾಟ್ಸಾಪ್ ಲಿಂಕ್ ಮತ್ತು ಒಂದು ಶೀಟ್

ಶಿವಮೊಗ್ಗದಲ್ಲಿ ಇನ್‌ಕಮ್ ಟ್ಯಾಕ್ಸ್ ರಿಟರ್ನ್, ಜಿಎಸ್‌ಟಿ ಫೈಲಿಂಗ್ ಮಾಡಿಕೊಡುವುದು ನನ್ನ ಕಸುಬು. ಫೇಸ್‌ಬುಕ್‌, ಇನ್‌ಸ್ಟಾಗ್ರಾಮ್‌ನಲ್ಲಿ ಆಗಾಗ ಏನಾದರೂ ಬರೆಯುತ್ತೇನೆ, ವಾಟ್ಸಾಪ್ ಸ್ಟೇಟಸ್ ಹಾಕುತ್ತೇನೆ. ಲೈಕ್ ಕೊಟ್ಟವರು ಯಾರು ಎಂದು ಅಲ್ಲೇ ಕಾಣುತ್ತದೆ; ಫೀಸು ಕೊಟ್ಟವರು ಯಾವುದನ್ನು ಓದಿ ಬಂದರು ಎಂಬುದು ಕಾಣುವುದಿಲ್ಲ. ಅದನ್ನು ತಿಳಿಯಲು ಕಾಸು ಖರ್ಚಿಲ್ಲದ ದಾರಿ ಬೇಕಿತ್ತು. ತಿಂಗಳ ಬಾಡಿಗೆ ಕೇಳುವ ಸಾಫ್ಟ್‌ವೇರ್ ನನ್ನಂಥ ಒಂದು ಮೇಜಿನ ಆಫೀಸಿಗೆ ದಂಡ.

ಲಿಂಕ್ ಟ್ರ್ಯಾಕಿಂಗ್ ಅಂದ ಕೂಡಲೇ ಎಲ್ಲರೂ ಹೇಳುವುದು ಯುಟಿಎಂ. ಲಿಂಕಿನ ಬಾಲಕ್ಕೆ `utm_source=facebook` ಅಂತ ಸೇರಿಸಿ ಎನ್ನುತ್ತಾರೆ. ನಿಮಗೆ ಸ್ವಂತ ವೆಬ್‌ಸೈಟ್ ಇದ್ದು, ಅದರಲ್ಲಿ ಗೂಗಲ್ ಅನಾಲಿಟಿಕ್ಸ್‌ನಂಥದ್ದು ಕೂತಿದ್ದರೆ ಮಾತ್ರ ಆ ಬಾಲವನ್ನು ಯಾರಾದರೂ ಓದುತ್ತಾರೆ. ನನ್ನ ಲಿಂಕ್ ನೇರ ವಾಟ್ಸಾಪ್ ಚಾಟ್‌ನಲ್ಲಿ ತೆರೆಯುತ್ತದೆ. ಆ ಬಾಲ ಅಲ್ಲಿಗೆ ತಲುಪುವುದೇ ಇಲ್ಲ.

ಚಾಟ್‌ಗೆ ತಲುಪುವುದು ಒಂದೇ: ಮೊದಲೇ ಬರೆದಿಟ್ಟ ಮೆಸೇಜ್. `wa.me` ಲಿಂಕಿಗೆ `?text=` ಸೇರಿಸಿದರೆ, ಒತ್ತಿದವರ ಪರದೆಯಲ್ಲಿ ನಾವು ಬರೆದ ಸಾಲು ಸಿದ್ಧವಾಗಿರುತ್ತದೆ. ಅವರು ಕಳಿಸಿದರೆ ಆಯಿತು. ಮೊದಲಿಗೆ ಆ ಸಾಲಿನ ಕೊನೆಗೆ FB-07 ಥರದ ಕೋಡ್ ಇಟ್ಟಿದ್ದೆ. ಅದನ್ನು ಉಳಿಸಿ ಕಳಿಸಿದವರು ಕಡಿಮೆ. ಒಬ್ಬರಂತೂ "ಸರ್, ಇದು ಒಟಿಪಿ ಏನಾದ್ರೂನಾ? ಕಳಿಸಬಹುದಾ?" ಎಂದು ಫೋನ್ ಮಾಡಿ ಕೇಳಿದರು. ಟ್ಯಾಕ್ಸ್ ರೀಫಂಡ್ ಹೆಸರಲ್ಲಿ ಮೋಸದ ಮೆಸೇಜ್ ಬರುವ ಕಾಲದಲ್ಲಿ ಅವರ ಅನುಮಾನ ನ್ಯಾಯವೇ.

ಆಮೇಲೆ ಕೋಡನ್ನು ತೆಗೆದು ಮಾತನ್ನೇ ಕೋಡ್ ಮಾಡಿದೆ. ಫೇಸ್‌ಬುಕ್‌ನಿಂದ ಬಂದವರ ಸಾಲು "Namaskara" ಎಂದು ಶುರುವಾಗುತ್ತದೆ, ವಾಟ್ಸಾಪ್ ಸ್ಟೇಟಸ್‌ನಿಂದ ಬಂದವರದು "Namaste", ಇನ್‌ಸ್ಟಾಗ್ರಾಮ್‌ನವರದು "Hello sir". ಅದರ ಮುಂದೆ ವಿಷಯದ ಒಂದು ಪದ: notice, 12 lakh, GST. ಕೊನೆಯ ಭಾಗವನ್ನು ಜನ ತಮ್ಮ ಇಷ್ಟಕ್ಕೆ ತಿದ್ದಿಕೊಳ್ಳುತ್ತಾರೆ, ಆದರೆ ನಮಸ್ಕಾರವನ್ನು ಅಳಿಸುವವರು ವಿರಳ. ಈ ಇಡೀ ಏರ್ಪಾಡಿನಲ್ಲಿ ನನಗೆ ತುಂಬ ಖುಷಿ ಕೊಟ್ಟದ್ದು ಇದೇ. ಬೆಳಗ್ಗೆ ಫೋನ್ ತೆರೆದಾಗ "Namaskara, notice bagge kelabekittu" ಎಂದು ಕಂಡರೆ, ಇವರು ಎಲ್ಲಿಂದ, ಏನು ಓದಿ ಬಂದರು ಎಂದು ಕೇಳಬೇಕಾಗೇ ಇಲ್ಲ.

ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಇಟ್ಟಿದ್ದಕ್ಕೆ ಕಾರಣ ಇದೆ. ಕನ್ನಡ ಲಿಪಿಯಲ್ಲಿ ಬರೆದರೆ ಲಿಂಕಿನೊಳಗೆ ಪ್ರತಿ ಅಕ್ಷರವೂ, ಪ್ರತಿ ಕಾಗುಣಿತದ ಚಿಹ್ನೆಯೂ `%E0%B2%A8` ಥರ 9 ಚಿಹ್ನೆಗಳಾಗುತ್ತವೆ. "ನಮಸ್ಕಾರ" ಒಂದೇ ಅರ್ಧ ಸಾಲು ನುಂಗುತ್ತದೆ. ಅಷ್ಟುದ್ದ ಲಿಂಕ್ ನೋಡಿದರೆ ನಾನೇ ಒತ್ತುವುದಿಲ್ಲ. ಹೇಗೂ ನಮ್ಮ ಜನ ವಾಟ್ಸಾಪ್‌ನಲ್ಲಿ ಬರೆಯುವುದು ಬಹುಪಾಲು ಹಾಗೆಯೇ. ಲಿಂಕ್ ತಯಾರಿಸುವ ಕೆಲಸ ಶೀಟ್‌ನದ್ದೇ. ಅದರ ಬೇರೊಂದು ಟ್ಯಾಬ್‌ನ B ಕಾಲಂನಲ್ಲಿ ಸಾಲು ಬರೆದರೆ ಸಾಕು:

```
="https://wa.me/91XXXXXXXXXX?text="&ENCODEURL(B2)
```

ನಂಬರಿನ ಮೊದಲು + ಅಥವಾ 0 ಹಾಕಬೇಡಿ, 91 ಆದ ಮೇಲೆ ನೇರ ಹತ್ತು ಅಂಕಿ.

ಈಗ ಬೇಸರದ ಭಾಗ. ಆರಂಭದಲ್ಲಿ ಲಿಂಕ್ ಚಿಕ್ಕದು ಮಾಡುವ ಒಂದು ಉಚಿತ ಸೇವೆಯನ್ನೂ ಬಳಸುತ್ತಿದ್ದೆ, ಎಷ್ಟು ಜನ ಒತ್ತಿದರು ಎಂದು ಎಣಿಸಿ ಕೊಡುತ್ತದೆ ಅಂತ. ಆ ಎಣಿಕೆ ನಂಬುವಂಥದ್ದಲ್ಲ. ಲಿಂಕ್ ಅಂಟಿಸಿದ ಕ್ಷಣ ವಾಟ್ಸಾಪ್, ಫೇಸ್‌ಬುಕ್ ತಾವೇ ಹೋಗಿ ಪ್ರಿವ್ಯೂ ತರುತ್ತವೆ. ಪರೀಕ್ಷೆಗೆಂದು ನಾನೊಬ್ಬನೇ ಇರುವ ಗುಂಪಿಗೆ ಹಾಕಿ ನೋಡಿದೆ, ಯಾರೂ ಮುಟ್ಟದೆ ಎಣಿಕೆ ಏರಿತು. ಸಾಲದ್ದಕ್ಕೆ ಆ ಸೇವೆ ನಡುವೆ ಒಂದು ಜಾಹೀರಾತಿನ ಪುಟ ತೂರಿಸತೊಡಗಿತು. ನೋಟಿಸ್ ಹಿಡಿದು ಗಾಬರಿಯಲ್ಲಿ ಬಂದವನಿಗೆ ಲೋನ್ ಆಪ್ ಜಾಹೀರಾತು! ಬಿಟ್ಟುಬಿಟ್ಟೆ. ಸಾಲು ಇಂಗ್ಲಿಷ್ ಅಕ್ಷರದಲ್ಲಿದ್ದರೆ `wa.me` ಲಿಂಕ್ ತಾನೇ ಗಿಡ್ಡ, ನನ್ನ ನಂಬರೂ ಅದರಲ್ಲೇ ಕಾಣುವುದರಿಂದ ಜನರಿಗೆ ಧೈರ್ಯ.

ಶೀಟ್‌ನಲ್ಲಿ ಕಾಲಂಗಳು ಕೆಲವೇ: ಮೊದಲ ಮೆಸೇಜ್ ಬಂದ ದಿನ, ಹೆಸರು, FB-notice ಥರ ಬರೆದ ಮೂಲ, ಕೇಳಿದ ವಿಷಯ, ಹೇಳಿದ ಫೀಸು, ಬಂದ ಫೀಸು. ರಾತ್ರಿ ಊಟ ಆದ ಮೇಲೆ ಯುಪಿಐ ಪಟ್ಟಿ ಒಂದು ಕೈಯಲ್ಲಿ, ಲ್ಯಾಪ್‌ಟಾಪ್ ಎದುರಿಗೆ. ದುಡ್ಡು ಬಂದ ಸಾಲಿಗೆ ಹಸಿರು ಬಣ್ಣ ತುಂಬುತ್ತೇನೆ. "ಮತ್ತೆ ಬಣ್ಣ ಹಚ್ಚೋಕೆ ಕೂತ್ರಾ?" ಎಂದು ಮನೆಯವಳು ನಗುತ್ತಾಳೆ. ಹತ್ತು ನಿಮಿಷದ ಕೆಲಸ, ಆದರೆ ಬಿಟ್ಟರೆ ವಾರದಲ್ಲಿ ಯಾವ "Namaskara" ಯಾರದೆಂದು ಮರೆತೇ ಹೋಗುತ್ತದೆ. ಒಟ್ಟು ಮೊತ್ತಕ್ಕೆ ಇದಿಷ್ಟು ಸಾಕು:

```
=SUMIFS(F:F, C:C, "FB-notice")
```

ಶೀಟ್ ಹೇಳಿದ್ದೇನು ಅಂತ ಎರಡು ಪೋಸ್ಟ್ ಹಿಡಿದೇ ಹೇಳುತ್ತೇನೆ. 2025ರ ಬಜೆಟ್ ಆದ ಮೇಲೆ, ಹೊಸ ರಿಜೀಮ್‌ನಲ್ಲಿ 12 ಲಕ್ಷದವರೆಗೆ ಟ್ಯಾಕ್ಸ್ ಇಲ್ಲ ಎನ್ನುವುದರ ಬಗ್ಗೆ ಫೇಸ್‌ಬುಕ್‌ನಲ್ಲಿ ರೀಲ್ ಮಾಡಿದ್ದೆ. ಚೆನ್ನಾಗಿ ಓಡಿತು. ಸುಮಾರು 40 ಜನ ಮೆಸೇಜ್ ಮಾಡಿದರು. "ನನಗೂ ಅನ್ವಯ ಆಗತ್ತಾ ಸರ್?" ಎಂದು ಕೇಳಿ, ಉತ್ತರ ಪಡೆದು, ಕೈ ಮುಗಿಯುವ ಚಿತ್ರ ಕಳಿಸಿ ಹೋದರು. ಫೀಸು ಕೊಟ್ಟವರು ಇಬ್ಬರು. ಇನ್ನೊಂದು ಬರೀ ಅಕ್ಷರದ ಪೋಸ್ಟ್, ಸೆಕ್ಷನ್ 139(9)ರ ಡಿಫೆಕ್ಟಿವ್ ರಿಟರ್ನ್ ನೋಟಿಸ್ ಬಗ್ಗೆ: 26ಎಎಸ್ ಎಂಬ ಟ್ಯಾಕ್ಸ್ ಪಟ್ಟಿಯಲ್ಲಿರುವ ಟಿಡಿಎಸ್ ಕ್ಲೈಮ್ ಮಾಡಿದ್ದೀರಿ, ಅದಕ್ಕೆ ತಕ್ಕ ಆದಾಯ ತೋರಿಸಿಲ್ಲ ಅಂದರೆ ಏನು ಮಾಡಬೇಕು ಎಂದು. ಲೈಕ್ ಹತ್ತು ದಾಟಲಿಲ್ಲ. ಮೆಸೇಜ್ ಮಾಡಿದ್ದು 9 ಜನ, ಅದರಲ್ಲಿ 6 ಜನ ಫೀಸು ಕೊಟ್ಟರು. ಕಾರಣ ಊಹಿಸುವುದು ಕಷ್ಟವಲ್ಲ. ಆ ನೋಟಿಸಿಗೆ ಉತ್ತರಿಸಲು ಇರುವುದು 15 ದಿನ. ಉತ್ತರಿಸದಿದ್ದರೆ ರಿಟರ್ನ್ ಸಲ್ಲಿಸಿಯೇ ಇಲ್ಲ ಎಂದು ಲೆಕ್ಕ ಹಿಡಿಯಬಹುದು. ಅಂಥದ್ದನ್ನು ಹುಡುಕಿ ಓದುವವನ ಕೈಯಲ್ಲಿ ನೋಟಿಸ್ ಆಗಲೇ ಇರುತ್ತದೆ.

ಹಾಗಂತ ಇದನ್ನೇ ವೇದವಾಕ್ಯ ಮಾಡಿಕೊಳ್ಳಬಾರದು. ಆ ರೀಲ್‌ನ ಇಬ್ಬರಲ್ಲಿ ಒಬ್ಬರು ಹಾರ್ಡ್‌ವೇರ್ ಅಂಗಡಿಯವರು. ಆಮೇಲೆ ಜಿಎಸ್‌ಟಿ ಕೆಲಸವನ್ನೂ ಕೊಟ್ಟು ತಿಂಗಳ ಪಾರ್ಟಿಯಾದರು. ವರ್ಷದ ಮೊತ್ತ ಕೂಡಿದಾಗ ರೀಲ್ ಸಾಲು ನೋಟಿಸ್ ಸಾಲಿಗೆ ಬಹಳ ಹತ್ತಿರ ಬಂದಿತ್ತು. ಒಬ್ಬನೇ ಪಾರ್ಟಿ ಲೆಕ್ಕ ತಿರುಗಿಸುವಷ್ಟು ಸಣ್ಣ ಶೀಟ್ ಇದು. ಅದಕ್ಕೇ ಈಗ ಒಂದು ಸಲದ ಫೀಸು, ತಿಂಗಳ ಫೀಸು ಎರಡನ್ನೂ ಬೇರೆ ಕಾಲಂ ಮಾಡಿದ್ದೇನೆ. ಲೆಕ್ಕವನ್ನು ಮೊದಲ ಮೆಸೇಜ್ ಬಂದ ತಿಂಗಳಿಗೇ ಹಾಕುತ್ತೇನೆ, ಯಾಕೆಂದರೆ ಜೂನ್‌ನಲ್ಲಿ ಓದಿದವನು ದುಡ್ಡು ಕೊಡುವುದು ರೀಫಂಡ್ ಬಂದ ಮೇಲೆ.

ಇನ್‌ಸ್ಟಾಗ್ರಾಮ್‌ನಲ್ಲಿ ಈ ಉಪಾಯ ಕುಂಟುತ್ತದೆ. ಕ್ಯಾಪ್ಷನ್‌ನಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ. ಸ್ಟೋರಿಗೆ ಸ್ಟಿಕ್ಕರ್ ಹಾಕಬಹುದು, ಉಳಿದಂತೆ ಎಲ್ಲ ರೀಲ್‌ಗೂ ಬಯೋದಲ್ಲಿರುವ ಅದೇ ಲಿಂಕ್. "Hello sir" ಬಂದರೆ ಇನ್‌ಸ್ಟಾಗ್ರಾಮ್ ಎಂದಷ್ಟೇ ಗೊತ್ತು. ಯಾವ ರೀಲ್ ಎಂದು ಬಾಯಿಬಿಟ್ಟು ಕೇಳಲೇಬೇಕು. ಸ್ಕ್ರೀನ್‌ಶಾಟ್ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದರೂ ಅಷ್ಟೇ, ಲಿಂಕ್ ಅಲ್ಲೇ ಸತ್ತಿತು. ಅವರೆಲ್ಲ ಸೇರುವುದು "ಗೊತ್ತಿಲ್ಲ" ಎಂಬ ಸಾಲಿಗೆ, ಆ ಸಾಲು ಚಿಕ್ಕದೇನಲ್ಲ.

ಚಿಕ್ಕ ಲಿಂಕ್ ಸೇವೆಗೆ 5ಕ್ಕೆ 1, ಶೀಟ್‌ಗೆ 4. ಮುಂದಿನ ಸೀಸನ್‌ಗೆ ರೀಲ್ ಕಡಿಮೆ ಮಾಡಿ, ನೋಟಿಸ್‌ಗಳ ಮೇಲೆ ಒಂದೊಂದಾಗಿ ಬರೆಯುತ್ತೇನೆ. ಪಕ್ಕದ ಜೆರಾಕ್ಸ್ ಅಂಗಡಿಯ ಗಾಜಿಗೆ ಅಂಟಿಸಲು ಒಂದು ಕ್ಯುಆರ್ ಕೂಡ ಮುದ್ರಿಸಿದ್ದಾಯಿತು. ಅದರ ಸಾಲು "Sir, xerox angadi hatra nodide" ಎಂದು ಶುರುವಾಗುತ್ತದೆ.