ಡಬ್ಬಿ, ಕಾಳು, ನೀರು: ಯಾವ ವಯಸ್ಸಿಗೆ ಯಾವುದು?

ನನ್ನ ಮಗನಿಗೆ ಒಂದೂವರೆ ವರ್ಷ, ಮಗಳಿಗೆ ನಾಲ್ಕು. ಈ ಮಳೆಗಾಲದಲ್ಲಿ ಇಬ್ಬರನ್ನೂ ಹೊರಗೆ ಬಿಡಲಾಗದ ದಿನಗಳಲ್ಲಿ ಒಂದರೊಳಗೊಂದು ಕೂರುವ ಸ್ಟೀಲ್ ಡಬ್ಬಿಗಳು, ಬೇರ್ಪಡಿಸುವ ಕಾಳು, ಸುರಿಯುವ ರವೆ ಮತ್ತು ನೀರು, ಇಷ್ಟನ್ನು ಕೊಟ್ಟು ನೋಡಿದೆ.

ಚಿಕ್ಕವನ ವಯಸ್ಸಿಗೆ ಡಬ್ಬಿಗಳಿಗೆ ಸಾಟಿಯಿಲ್ಲ. ಐದು ಡಬ್ಬಿ ಕೊಟ್ಟಾಗ ಗೊಂದಲಗೊಂಡು ನೆಲಕ್ಕೆ ಬಡಿಯುತ್ತಾ ಕುಳಿತಿದ್ದವನು, ದೊಡ್ಡದು, ನಡುವಿನದು, ಚಿಕ್ಕದು ಎಂದು ಮೂರನ್ನೇ ಉಳಿಸಿದ ಮೇಲೆ ಆಟಕ್ಕಿಳಿದನು. ದೊಡ್ಡದನ್ನು ಚಿಕ್ಕದರೊಳಗೆ ತುರುಕಲು ಹೋಗಿ, ಆಗದೆ, ಒತ್ತಿ, ತಿರುಗಿಸಿ, ಕೊನೆಗೆ ಅದನ್ನು ಕೆಳಗಿಟ್ಟು ಬೇರೆಯದನ್ನು ಎತ್ತಿಕೊಂಡನು. ತಪ್ಪೆಂದು ಡಬ್ಬಿಯೇ ಹೇಳುವುದರಿಂದ ನಾನು ಬಾಯಿ ಹಾಕಬೇಕಾಗಲಿಲ್ಲ. ಬಿಗಿಯಾದ ಮುಚ್ಚಳ ಮಾತ್ರ ಬೇಡ. ತೆಗೆಯಲಾಗದೆ ಅಳು ಶುರುವಾಗುತ್ತದೆ, ಅಂಚು ಹರಿತವಿದ್ದರೆ ಬೆರಳಿಗೂ ಅಪಾಯ. ಇದೇ ಡಬ್ಬಿಗಳು ಮಗಳನ್ನು ಎರಡು ನಿಮಿಷವೂ ಹಿಡಿದಿಡಲಿಲ್ಲ.

ಕಾಳನ್ನು ಮಗಳಿಗಷ್ಟೇ ಕೊಟ್ಟೆ. ಮೂರು ವರ್ಷದೊಳಗಿನ ಮಕ್ಕಳು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವುದರಿಂದ ಕಾಳು ಉಸಿರುಗಟ್ಟಿಸಬಹುದು. ಹಸಿ ರಾಜ್ಮಾ ವಿಷಕಾರಿಯಾದ್ದರಿಂದ ಅದನ್ನು ದೊಡ್ಡ ಮಕ್ಕಳಿಗೂ ಆಟಕ್ಕೆ ಕೊಡಬಾರದು. ಮೊದಲ ದಿನ ಹೆಸರುಕಾಳು ಮತ್ತು ಬಿಳಿ ಅಲಸಂದೆ ಬೆರೆಸಿದ್ದೆ. ಬಣ್ಣ ನೋಡಿಯೇ ಬೇಗ ಮುಗಿಸಿಬಿಟ್ಟಳು. ಮರುದಿನ ಕಡಲೆಕಾಳಿನ ಜೊತೆ ಕಂದು ಅಲಸಂದೆ ಬೆರೆಸಿದಾಗ ಬಣ್ಣ ನೆರವಿಗೆ ಬರಲಿಲ್ಲ, ಪ್ರತಿಯೊಂದನ್ನೂ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಆಕಾರ ನೋಡಬೇಕಾಯಿತು. ಬೆರಳಿನ ಹಿಡಿತಕ್ಕೆ ಮೂರು ಆಟಗಳಲ್ಲಿ ಇದೇ ಮೇಲು. ಆದರೆ ಒಂದು ಕಾಳನ್ನು ಮೂಗಿನ ಬಳಿ ಒಯ್ದದ್ದನ್ನು ಕಂಡ ಮೇಲೆ ನಾನು ಅಲ್ಲಿಂದ ಏಳುವುದನ್ನೇ ಬಿಟ್ಟೆ.

ಸುರಿಯುವ ಆಟದಲ್ಲಿ ರವೆಯಿಂದ ಆರಂಭಿಸುವುದು ಒಳಿತೆಂದು ನನಗನ್ನಿಸಿತು. ಅದು ನಿಧಾನವಾಗಿ ಜಾರುವುದರಿಂದ ಮಣಿಕಟ್ಟನ್ನು ಎಷ್ಟು ಬಾಗಿಸಬೇಕೆಂಬ ಅಂದಾಜು ಸಿಗುತ್ತದೆ, ಚೆಲ್ಲಿದರೂ ತಟ್ಟೆಯಲ್ಲೇ ಉಳಿಯುತ್ತದೆ. ಹಿಟ್ಟು ಮಾತ್ರ ಹಾರಿ ಕಣ್ಣಿಗೆ ಬೀಳುತ್ತದೆ. ನೀರಿಗೆ ತಾಳ್ಮೆ ಬೇಕು, ನೆಲ ಒರೆಸುವವರಿಗಂತೂ ಇನ್ನೂ ಹೆಚ್ಚು.

ಆದರೂ ನಾಲ್ಕರ ಮಗುವಿನ ಯೋಚನೆಯನ್ನು ಕಣ್ಣಿಗೆ ಕಾಣಿಸಿದ್ದು ನೀರೇ. ಒಂದೇ ಬಗೆಯ ಎರಡು ಅಗಲದ ಬಟ್ಟಲುಗಳಿಗೆ ಸಮನಾಗಿ ನೀರು ಹಾಕಿ, ಸಮವಿದೆಯೆಂದು ಅವಳಿಂದಲೇ ಹೇಳಿಸಿ, ಒಂದನ್ನು ಎತ್ತರದ ಲೋಟಕ್ಕೆ ಸುರಿಸಿದೆ. "ಲೋಟದಲ್ಲೇ ಜಾಸ್ತಿ" ಎಂದಳು. ಮತ್ತೆ ಬಟ್ಟಲಿಗೆ ಸುರಿದಾಗ "ಈಗ ಸಮ ಆಯ್ತು" ಎಂದಳು. ಮಕ್ಕಳ ಯೋಚನೆಯನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿ ಪಿಯಾಜೆ ಈ ಪ್ರಯೋಗವನ್ನು ಮಾಡಿಸಿದಾಗಲೂ ಚಿಕ್ಕ ಮಕ್ಕಳು ಹೀಗೆಯೇ ಎತ್ತರವನ್ನಷ್ಟೇ ನೋಡಿ ಉತ್ತರಿಸಿದ್ದರು. ಪಾತ್ರೆ ಬದಲಾದರೂ ನೀರು ಅಷ್ಟೇ ಇರುತ್ತದೆಂದು ಹೆಚ್ಚಿನವರಿಗೆ ಆರೇಳು ವರ್ಷದ ಹೊತ್ತಿಗಷ್ಟೇ ತಿಳಿಯುತ್ತದೆ. ಹಾಗಾಗಿ ತಿದ್ದಲು ಹೋಗಲಿಲ್ಲ. ಅಂದು ಮಧ್ಯಾಹ್ನ ಮಜ್ಜಿಗೆ ಕೊಡುವಾಗ ಉದ್ದ ಲೋಟವೇ ಬೇಕೆಂದು ಹಟ ಹಿಡಿದಳು.