ಒಂದೇ ತಂತ್ರಾಂಶ, ನಾಲ್ಕು ಬಗೆಯ ದರ: ಕ್ಲಿನಿಕ್ಕುಗಳಿಗೆ ಮಾರಿ ನೋಡಿದ ಲೆಕ್ಕ

ಸಣ್ಣ ಊರುಗಳ ಕ್ಲಿನಿಕ್ಕುಗಳಿಗಾಗಿ ನಾನು ಮತ್ತು ನನ್ನ ಪಾಲುದಾರರು ಒಂದು ತಂತ್ರಾಂಶವನ್ನು ಮಾಡಿ ಮಾರುತ್ತಿದ್ದೇವೆ. ರೋಗಿಯ ಹೆಸರು ಮತ್ತು ಸಮಯವನ್ನು ಬರೆದಿಟ್ಟುಕೊಂಡು, ಸಮಯ ಗೊತ್ತಾದ ಕೂಡಲೇ ಒಂದು ಎಸ್‌ಎಂಎಸ್ ಮತ್ತು ಹಿಂದಿನ ದಿನ ನೆನಪಿಸಲು ಇನ್ನೊಂದು ಎಸ್‌ಎಂಎಸ್ ಕಳಿಸುವುದು ಅದರ ಮುಖ್ಯ ಕೆಲಸ. ಇದಕ್ಕೆ ನಾಲ್ಕು ಬಗೆಯಲ್ಲಿ ದರ ಕಟ್ಟಿ ನೋಡಿದ್ದೇವೆ. ಹೋಲಿಕೆ ಸ್ಪಷ್ಟವಾಗಲೆಂದು ಎರಡು ಕ್ಲಿನಿಕ್ಕುಗಳ ಲೆಕ್ಕವನ್ನು ಉದ್ದಕ್ಕೂ ಇಟ್ಟುಕೊಳ್ಳುತ್ತೇನೆ. ಮೊದಲನೆಯದು ಒಬ್ಬ ದಂತವೈದ್ಯರು ಮತ್ತು ಒಬ್ಬ ಸಹಾಯಕಿ ಇರುವ, ತಿಂಗಳಿಗೆ 400 ಸಂದೇಶ ಹೋಗುವ ಕ್ಲಿನಿಕ್. ಎರಡನೆಯದು ವೈದ್ಯರು, ಸಿಬ್ಬಂದಿ ಸೇರಿ 11 ಮಂದಿ ದುಡಿಯುವ, ದಿನಕ್ಕೆ ನೂರು ರೋಗಿಗಳಂತೆ 26 ದಿನಕ್ಕೆ 5,200 ಸಂದೇಶ ಹೋಗುವ ಪಾಲಿಕ್ಲಿನಿಕ್.

ಮೊದಲು ಇಟ್ಟದ್ದು ಏಕದರ: ಯಾರೇ ಆಗಲಿ, ತಿಂಗಳಿಗೆ 1,000 ರೂ. ಹೇಳುವುದು ಸುಲಭ, ಕೇಳುವವರಿಗೂ ತಕ್ಷಣ ಅರ್ಥವಾಗುತ್ತಿತ್ತು. ಆದರೆ ಕನ್ನಡದಲ್ಲಿ ಎಸ್‌ಎಂಎಸ್ ಕಳಿಸಲು ತಗಲುವ ವೆಚ್ಚವನ್ನು ನಾವು ಸರಿಯಾಗಿ ಅಂದಾಜು ಮಾಡಿರಲಿಲ್ಲ. ಇಂಗ್ಲಿಷ್ ಸಂದೇಶದಲ್ಲಿ 160 ಅಕ್ಷರಗಳವರೆಗೆ ಒಂದೇ ಕ್ರೆಡಿಟ್, ಅಂದರೆ ಎಸ್‌ಎಂಎಸ್ ವೆಚ್ಚದ ಒಂದು ಘಟಕ, ಖರ್ಚಾಗುತ್ತದೆ. ಕನ್ನಡದಲ್ಲಿ ಆ ಮಿತಿ 70. ಅದೂ ನಾವು ಬಾಯಲ್ಲಿ ಎಣಿಸುವ ಅಕ್ಷರಗಳ ಲೆಕ್ಕವಲ್ಲ. ಒತ್ತು, ಗುಣಿತ, ವಿರಾಮ ಚಿಹ್ನೆಗಳೆಲ್ಲ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ‘ಡಾಕ್ಟರ್’ ಎಂಬ ಒಂದು ಪದವೇ ಏಳು. ‘ನಿಮ್ಮ ಭೇಟಿ ನಾಳೆ ಬೆಳಿಗ್ಗೆ 10:30ಕ್ಕೆ ಇದೆ.’ ಎಂಬಷ್ಟಕ್ಕೇ 39 ಮುಗಿಯುತ್ತದೆ. ಅದಕ್ಕೆ ಕ್ಲಿನಿಕ್ಕಿನ ಹೆಸರು, ವೈದ್ಯರ ಹೆಸರು, ಫೋನ್ ನಂಬರ್ ಸೇರಿದರೆ 70 ದಾಟಿ, ಪ್ರತಿ ಸಂದೇಶಕ್ಕೂ ಎರಡು ಕ್ರೆಡಿಟ್ ಹೋಗುತ್ತದೆ. ನಮಗೆ ಒಂದು ಕ್ರೆಡಿಟ್‌ಗೆ 20 ಪೈಸೆ ತಗಲುತ್ತಿತ್ತು. ಹಾಗಾಗಿ ದಂತವೈದ್ಯರ 400 ಸಂದೇಶಕ್ಕೆ 160 ರೂ. ಖರ್ಚಾದರೆ, ಪಾಲಿಕ್ಲಿನಿಕ್ಕಿನ 10,400 ಕ್ರೆಡಿಟ್‌ಗೆ 2,080 ರೂ. ಆಗುತ್ತಿತ್ತು. ಆ ಪಾಲಿಕ್ಲಿನಿಕ್ ಒಂದರಿಂದಲೇ ನಮಗೆ ಪ್ರತಿ ತಿಂಗಳು 1,080 ರೂ. ನಷ್ಟ, ಅದೂ ಸರ್ವರ್ ಬಾಡಿಗೆ ಲೆಕ್ಕಕ್ಕೆ ಹಿಡಿಯುವ ಮೊದಲೇ.

ದೊಡ್ಡವರಿಂದ ಹೆಚ್ಚು ಪಡೆಯಬೇಕೆಂದು ತಲೆಲೆಕ್ಕದ ದರಕ್ಕೆ ಹೋದೆವು: ಪ್ರತಿ ಬಳಕೆದಾರರಿಗೆ ತಿಂಗಳಿಗೆ 300 ರೂ. ಪಾಲಿಕ್ಲಿನಿಕ್ಕಿನಿಂದ 3,300 ರೂ. ಬರಬೇಕಿತ್ತು, ಬಂದದ್ದು ಮೂರು ಬಳಕೆದಾರರ 900 ರೂ. ಒಮ್ಮೆ ತರಬೇತಿಗೆಂದು ಅಲ್ಲಿಗೆ ಹೋದಾಗ, ಸ್ವಾಗತದ ಮೇಜಿನ ಮೇಲಿದ್ದ ಮಾನಿಟರ್‌ನ ಅಂಚಿಗೆ ಲಾಗಿನ್ ಮತ್ತು ಪಾಸ್‌ವರ್ಡ್ ಬರೆದ ಹಳದಿ ಚೀಟಿ ಅಂಟಿಸಿದ್ದನ್ನು ಕಂಡೆ. ಬೆಳಗಿನ ಪಾಳಿ, ಸಂಜೆಯ ಪಾಳಿ, ಲ್ಯಾಬ್, ಎಲ್ಲರದ್ದೂ ಅದೇ ಚೀಟಿ. ನಮ್ಮ ದಾಖಲೆಯಲ್ಲಿಯೂ ಅದು ಕಾಣುತ್ತಿತ್ತು: ಒಬ್ಬರೇ ‘ಬಳಕೆದಾರರು’ ಬೆಳಿಗ್ಗೆ ಎಂಟರಿಂದ ರಾತ್ರಿ ಒಂಬತ್ತರವರೆಗೆ ಬಿಡುವಿಲ್ಲದೆ, ಏಕಕಾಲಕ್ಕೆ ಮೂರು ಕಂಪ್ಯೂಟರ್‌ಗಳಲ್ಲಿ ಕೆಲಸ ಮಾಡುತ್ತಿದ್ದರು. ಹಣಕ್ಕಿಂತ ದೊಡ್ಡ ತೊಂದರೆ ಬೇರೆಯೇ ಇತ್ತು. ರೋಗಿಯೊಬ್ಬರ ಸಮಯವನ್ನು ಯಾರು ರದ್ದು ಮಾಡಿದರು ಎಂದು ವೈದ್ಯರು ಕೇಳಿದರೆ ಉತ್ತರಿಸಲು ಸಾಧ್ಯವಾಗುತ್ತಿರಲಿಲ್ಲ. ಒಬ್ಬೊಬ್ಬರೂ ತಮ್ಮದೇ ಪರದೆಯ ಮುಂದೆ ದಿನವಿಡೀ ಕೂರುವ ಕಚೇರಿಗೆ ಈ ದರ ಹೊಂದಬಹುದು. ಪಾಳಿಯಲ್ಲಿ ಒಂದೇ ಕುರ್ಚಿಗೆ ನಾಲ್ವರು ಬಂದು ಹೋಗುವ ಕಡೆ ಹೊಂದುವುದಿಲ್ಲ.

ಮೂರನೆಯದು ಸ್ಲ್ಯಾಬ್ ದರ. 1,000 ಕ್ರೆಡಿಟ್‌ವರೆಗೆ 600 ರೂ., 4,000ದವರೆಗೆ 1,400 ರೂ., 12,000ದವರೆಗೆ 3,200 ರೂ. ಕಾಗದದ ಮೇಲೆ ನಮ್ಮ ಎರಡೂ ಕ್ಲಿನಿಕ್ಕುಗಳಿಗೆ ಇದು ಚೆನ್ನಾಗಿಯೇ ಒಪ್ಪಿತು: ದಂತವೈದ್ಯರು 600 ರೂ., ಪಾಲಿಕ್ಲಿನಿಕ್ 3,200 ರೂ., ಎರಡರಲ್ಲೂ ನಮಗೆ ಲಾಭ. ತೊಡಕು ಎದುರಾದದ್ದು ಗಡಿಯಲ್ಲಿರುವವರಿಂದ. ಆದಾಯ ತೆರಿಗೆಯ ಸ್ಲ್ಯಾಬ್‌ನಲ್ಲಿ ಗಡಿ ದಾಟಿದ ಮೊತ್ತಕ್ಕೆ ಮಾತ್ರ ಹೆಚ್ಚಿನ ದರ ಬೀಳುತ್ತದೆ. ನಮ್ಮದರಲ್ಲಿ 1,001ನೇ ಕ್ರೆಡಿಟ್ ಒಂದಕ್ಕೇ 800 ರೂ. ಹೆಚ್ಚು ಬೀಳುತ್ತಿತ್ತು. ಮಕ್ಕಳ ವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಪ್ರತಿ ತಿಂಗಳ 25ರ ಹೊತ್ತಿಗೆ ನೆನಪೋಲೆಗಳು ನಿಂತುಹೋಗುತ್ತಿದ್ದವು. ತಂತ್ರಾಂಶದ ದೋಷವೆಂದು ಎರಡು ದಿನ ಹುಡುಕಿದೆವು. ಕೊನೆಗೆ ಸಹಾಯಕಿಯೇ ಹೇಳಿದರು: ‘ಸಾವಿರ ದಾಟಬಾರದು ಅಂತ ಡಾಕ್ಟ್ರು ಹೇಳಿದ್ದಾರೆ ಸರ್, ನಾನೇ ಆಫ್ ಮಾಡ್ತೀನಿ.’ ಆಮೇಲೆ ಎಲ್ಲ ಗ್ರಾಹಕರ ಬಳಕೆಯನ್ನು ನೂರು ನೂರರ ಗುಂಪಾಗಿ ಮಾಡಿ ನೋಡಿದಾಗ, 900ರಿಂದ 1,000ದ ನಡುವೆ ಒಂಬತ್ತು ಕ್ಲಿನಿಕ್, 1,000ದಿಂದ 1,100ರ ನಡುವೆ ಒಂದೇ ಒಂದು ಕಂಡಿತು. ರೋಗಿಗಳ ಸಂಖ್ಯೆ ತಾನಾಗಿಯೇ ಹೀಗೆ ಒಂದು ಗೆರೆಗೆ ಬಂದು ನಿಲ್ಲುವುದಿಲ್ಲ. ಸ್ಲ್ಯಾಬ್ ಇಟ್ಟವರು ಯಾರೇ ಆಗಲಿ, ಗಡಿಯ ಎರಡೂ ಬದಿ ಎಷ್ಟು ಗ್ರಾಹಕರಿದ್ದಾರೆ ಎಂದು ಎಣಿಸಿ ನೋಡಬೇಕು.

ಗಡಿಯೇ ಬೇಡವೆಂದು ನಾಲ್ಕನೆಯದಾಗಿ ಬಳಕೆಯ ದರ ತಂದೆವು: ಮೂಲ ಶುಲ್ಕವಿಲ್ಲ, ಕ್ರೆಡಿಟ್‌ಗೆ 60 ಪೈಸೆ. ನ್ಯಾಯವಾದ ದರವೆಂದರೆ ಇದೇ ಎಂದು ನಾನು ಮನಸಾರೆ ನಂಬಿದ್ದೆ. ದಂತವೈದ್ಯರಿಗೆ 480 ರೂ. ಬಂತು, ಅವರಿಗೆ ಸಂತೋಷ. ಪಾಲಿಕ್ಲಿನಿಕ್ಕಿಗೆ 6,240 ರೂ. ಬಂತು, ಅವರು ಕೂಡಲೇ ಸಮಯ ಖಚಿತಪಡಿಸುವ ಸಂದೇಶವನ್ನು ನಿಲ್ಲಿಸಿದರು. ಮಕ್ಕಳ ವೈದ್ಯರಿಗೆ ಸಾಮಾನ್ಯ ತಿಂಗಳಲ್ಲಿ 600 ರೂ. ಇದ್ದದ್ದು, ಮಳೆಗಾಲದ ಜ್ವರದ ತಿಂಗಳಲ್ಲಿ 2,300 ಕ್ರೆಡಿಟ್ ಆಗಿ 1,380 ರೂ.ಗೆ ಏರಿತು. ಅವರ ಯುಪಿಐ ಆಟೋಪೇ ಒಪ್ಪಿಗೆಯಲ್ಲಿ ಗರಿಷ್ಠ ಮೊತ್ತ 1,000 ರೂ. ಎಂದಿದ್ದುದರಿಂದ ಆ ತಿಂಗಳ ಹಣ ಬರಲೇ ಇಲ್ಲ. ಗರಿಷ್ಠವನ್ನು 5,000 ಎಂದು ಕೇಳಿದರೆ ಜನ ಒಪ್ಪಿಗೆ ಕೊಡಲು ಹಿಂಜರಿಯುತ್ತಾರೆ. ಅಲ್ಲದೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಹಣ ಕಡಿತವಾಗುವ 24 ಗಂಟೆ ಮೊದಲು ಮೊತ್ತದ ಸೂಚನೆ ಹೋಗಬೇಕು. ಪ್ರತಿ ತಿಂಗಳೂ ಬೇರೆ ಬೇರೆ ಮೊತ್ತ ಕಂಡಾಗ ನಮಗೆ ಫೋನ್ ಬರುತ್ತಿತ್ತು, ಕೆಲವರು ಒಪ್ಪಿಗೆಯನ್ನೇ ರದ್ದು ಮಾಡುತ್ತಿದ್ದರು.

ನಾಲ್ಕರಲ್ಲೂ ನಾವು ಮರೆತಿದ್ದ ಇನ್ನೊಂದು ಸಂಗತಿ ಜಿಎಸ್‌ಟಿ. ವೈದ್ಯಕೀಯ ಸೇವೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ, ನಮ್ಮ ಬಿಲ್ಲಿನ ಮೇಲಿನ 18% ತೆರಿಗೆಯನ್ನು ಕ್ಲಿನಿಕ್ಕುಗಳು ಹಿಂದಕ್ಕೆ ಪಡೆಯಲಾಗುವುದಿಲ್ಲ. ಅಂಗಡಿಗೋ ಕಾರ್ಖಾನೆಗೋ ಮಾರುವವರು ‘ತೆರಿಗೆ ಪ್ರತ್ಯೇಕ’ ಎಂದರೆ ನಡೆದೀತು. ಕ್ಲಿನಿಕ್ಕಿಗೆ 1,000 ರೂ. ಎಂದರೆ ನಿಜವಾಗಿ 1,180 ರೂ.

ಈಗ ಇರುವುದು ಏಕದರ ಮತ್ತು ಬಳಕೆಯ ದರಗಳ ಬೆರಕೆ. ಮೂಲ ಶುಲ್ಕ 700 ರೂ., ತೆರಿಗೆ ಸೇರಿ 826 ರೂ. ಎಂದೇ ಹೇಳುತ್ತೇವೆ. ಅದರಲ್ಲಿ 1,500 ಕ್ರೆಡಿಟ್ ಇರುತ್ತದೆ, ಬಳಕೆದಾರರು ಎಷ್ಟಾದರೂ ಇರಬಹುದು. ಅದಕ್ಕೂ ಹೆಚ್ಚು ಬೇಕಾದವರು ಮೊಬೈಲ್‌ಗೆ ಮಾಡುವಂತೆ ರೀಚಾರ್ಜ್ ಮಾಡಿಕೊಳ್ಳುತ್ತಾರೆ: 1,000 ಕ್ರೆಡಿಟ್‌ಗೆ, ತೆರಿಗೆ ಬಿಟ್ಟು, 300 ರೂ.; ರೀಚಾರ್ಜಿನಲ್ಲಿ ಉಳಿದದ್ದು ಮುಂದಿನ ತಿಂಗಳಿಗೆ ಸೇರುತ್ತದೆ. ಪಾಲಿಕ್ಲಿನಿಕ್ ಒಂಬತ್ತು ರೀಚಾರ್ಜ್ ಸೇರಿ 3,400 ರೂ. ಕೊಡುತ್ತದೆ, ಸಂದೇಶದ ಖರ್ಚು ಕಳೆದು ನಮಗೆ 1,320 ರೂ. ಉಳಿಯುತ್ತದೆ. ಆಟೋಪೇ ಮೊತ್ತ ಎಂದಿಗೂ ಬದಲಾಗುವುದಿಲ್ಲ. ಮಾನಿಟರ್‌ಗೆ ಅಂಟಿಸಿದ ಚೀಟಿಯ ಅಗತ್ಯವೂ ಇಲ್ಲ. ದಂತವೈದ್ಯರು ಮಾತ್ರ ಮೊದಲಿನ 480 ರೂ.ಗಿಂತ ಹೆಚ್ಚು ಕೊಡಬೇಕಾಯಿತು. ಅಂತಹ ಚಿಕ್ಕ ಗ್ರಾಹಕರಲ್ಲಿ ಕೆಲವರನ್ನು ಕಳೆದುಕೊಂಡೆವು, ಅದು ಈ ದರದ ನಿಜವಾದ ಕೊರತೆ. ಭಾನುವಾರ ರಾತ್ರಿ ಕ್ರೆಡಿಟ್ ಮುಗಿದರೆ ಸೋಮವಾರದ ರೋಗಿಗಳಿಗೆ ನೆನಪೋಲೆ ತಪ್ಪದಿರಲೆಂದು, ಬಾಕಿ ಸೊನ್ನೆಯಾದ ಮೇಲೂ 200 ಕ್ರೆಡಿಟ್ ಸಾಲವಾಗಿ ಹೋಗಲು ಬಿಟ್ಟಿದ್ದೇವೆ. ಮುಂದಿನ ರೀಚಾರ್ಜಿನಲ್ಲಿ ಅದನ್ನು ಮುರಿದುಕೊಳ್ಳುತ್ತೇವೆ.