120 ಹರ್ಟ್ಸ್ ಟಿವಿಯಲ್ಲಿ ಪಿಎಸ್5: ಮೂವತ್ತು, ಅರವತ್ತು ಮತ್ತು ನಡುವಿನ ನಲವತ್ತು

ವಿಜಯಪುರದ ನಮ್ಮ ಮನೆಯ ಹಾಲ್‌ನಲ್ಲಿ 55 ಇಂಚಿನ, 120 ಹರ್ಟ್ಸ್ ಎಲ್‌ಇಡಿ ಟಿವಿಗೆ ಪಿಎಸ್5 ಜೋಡಿಸಿದ್ದೇವೆ. ಸೋಫಾದಿಂದ ಪರದೆ ಸುಮಾರು ಎಂಟು ಅಡಿ ದೂರದಲ್ಲಿದೆ. ಚಿತ್ರದ ಸೂಕ್ಷ್ಮಕ್ಕೆ ಒತ್ತು ಕೊಡುವ ಕ್ವಾಲಿಟಿ ಮೋಡ್ ಒಳ್ಳೆಯದೋ ಚಲನೆಯ ನಯಕ್ಕೆ ಒತ್ತು ಕೊಡುವ ಪರ್ಫಾರ್ಮೆನ್ಸ್ ಮೋಡ್ ಒಳ್ಳೆಯದೋ ಎಂಬುದನ್ನು ನೋಡಲು ‘ಹೊರೈಜನ್ ಫಾರ್ಬಿಡನ್ ವೆಸ್ಟ್’ ಆಟದ ಒಂದೇ ಹುಲ್ಲುಗಾವಲನ್ನು ಆರಿಸಿಕೊಂಡು, ಪ್ರತಿ ಮೋಡ್‌ನಲ್ಲಿಯೂ ಮೊದಲು ಸುಮ್ಮನೆ ಅಡ್ಡಾಡಿ, ಆಮೇಲೆ ಅಲ್ಲಿಯ ಯಂತ್ರಪ್ರಾಣಿಗಳೊಂದಿಗೆ ಕಾದಾಡಿದೆವು.

ಕ್ವಾಲಿಟಿ ಮೋಡ್‌ನಲ್ಲಿ ಸೆಕೆಂಡಿಗೆ 30 ಫ್ರೇಮ್‌ಗಳು ಬರುತ್ತವೆ, ಅಂದರೆ ಒಂದೊಂದು ಫ್ರೇಮ್ ಪರದೆಯ ಮೇಲೆ 33.3 ಮಿಲಿಸೆಕೆಂಡ್ ನಿಲ್ಲುತ್ತದೆ. ನಾಯಕಿ ನಿಂತಲ್ಲೇ ನಿಂತಿದ್ದಾಗ ದೂರದ ಗುಡ್ಡದ ಅಂಚು, ಎಲೆಗಳ ಕೊನೆ, ಉಡುಪಿನ ಹೊಲಿಗೆ ಎಲ್ಲವೂ ಕಣ್ಣಿಗೆ ಹಬ್ಬ. ಆದರೆ ಬಲಗಡೆಯ ಸ್ಟಿಕ್ಕನ್ನು ಜೋರಾಗಿ ತಿರುಗಿಸಿದ ಕೂಡಲೇ ಅದೇ ಗುಡ್ಡ ಹೆಜ್ಜೆ ಹೆಜ್ಜೆಯಾಗಿ ಜಿಗಿಯುತ್ತ ಸಾಗುತ್ತದೆ. ಬಿಲ್ಲು ಎಳೆದು ಗುರಿ ಹಿಡಿಯುವಾಗ ತೊಡಕು ಇನ್ನೂ ಹೆಚ್ಚು. ಕಂಟ್ರೋಲರ್ ಹಿಡಿದಿದ್ದ ನನ್ನ ತಮ್ಮ ಒಂದೇ ಮಾತಿನಲ್ಲಿ ಹೇಳಿದ: “ಅಣ್ಣಾ, ಇದು ತಡಾ ಮಾಡಿ ಹೊಳ್ಳಾಕತ್ತೈತಿ.” ಟಿವಿಯ ಮೋಷನ್ ಸ್ಮೂದಿಂಗ್ ಹಾಕಿದರೆ ಜಿಗಿತ ಕಡಿಮೆ ಕಾಣುತ್ತದೆಯಾದರೂ, ಎರಡು ಫ್ರೇಮ್‌ಗಳ ನಡುವೆ ಹೊಸ ಫ್ರೇಮ್ ಕಟ್ಟಲು ಟಿವಿ ಸಮಯ ತೆಗೆದುಕೊಳ್ಳುವುದರಿಂದ ಬೆರಳಿಗೂ ಪರದೆಗೂ ನಡುವಿನ ತಡ ಮತ್ತಷ್ಟು ಹೆಚ್ಚುತ್ತದೆ. ಆದ್ದರಿಂದ ಇಂಥ ತಡವನ್ನು ತಗ್ಗಿಸುವ ಟಿವಿಯ ಗೇಮ್ ಮೋಡ್ ಬಿಟ್ಟು ಆಡುವುದು ಲಾಭದ ವ್ಯವಹಾರವಲ್ಲ.

ಪರ್ಫಾರ್ಮೆನ್ಸ್ ಮೋಡ್ 60 ಫ್ರೇಮ್ ಕೊಡುತ್ತದೆ. ಇಲ್ಲಿ ಫ್ರೇಮ್ ಒಂದಕ್ಕೆ 16.7 ಮಿಲಿಸೆಕೆಂಡ್, ಬಾಣ ಬೆರಳಿನ ಜೊತೆಗೇ ಹೊರಟಂತೆ ಅನ್ನಿಸುತ್ತದೆ. ಇದಕ್ಕೆ ತೆರುವ ಬೆಲೆ ರೆಸಲ್ಯೂಷನ್. ಆದರೆ ಎಂಟು ಅಡಿ ದೂರದಿಂದ, ಸಾಮಾನ್ಯ ದೃಷ್ಟಿಯ ಕಣ್ಣು 55 ಇಂಚಿನ ಪರದೆಯ 4ಕೆ ಪಿಕ್ಸೆಲ್‌ಗಳನ್ನು ಬಿಡಿಬಿಡಿಯಾಗಿ ಗುರುತಿಸಲಾರದು. ಅದಕ್ಕೆ ಸುಮಾರು ಮೂರೂವರೆ ಅಡಿಯಷ್ಟು ಹತ್ತಿರ ಕೂರಬೇಕು. ಹೀಗಾಗಿ ನಮಗೆ ಕಂಡ ನಷ್ಟ ಚಿತ್ರ ಮಸುಕಾದದ್ದಲ್ಲ, ಹುಲ್ಲಿನ ತುದಿ ಮತ್ತು ತೆಳುವಾದ ಕೊಂಬೆಗಳು ನಡೆಯುವಾಗ ಮಿಣುಕುವುದು. ಅದೂ ರಾತ್ರಿಯ ಮಾತು. ನಮ್ಮ ಕಡೆಯ ಬೇಸಿಗೆಯ ಮಧ್ಯಾಹ್ನ ಕರ್ಟನ್ ಎಳೆಯದ ಕಿಟಕಿಯಿಂದ ಬರುವ ಬೆಳಕಿನಲ್ಲಿ, ಕ್ವಾಲಿಟಿ ಮೋಡ್ ಕಷ್ಟಪಟ್ಟು ಬಿಡಿಸಿದ ನೆರಳಿನ ಸೂಕ್ಷ್ಮಗಳು ಹೇಗೂ ಕಾಣಿಸುವುದಿಲ್ಲ.

ಇಷ್ಟಕ್ಕೆ ನಿಂತಿದ್ದರೆ ತೀರ್ಮಾನ ಸುಲಭವಿತ್ತು. ಆದರೆ 120 ಹರ್ಟ್ಸ್ ಟಿವಿ ಮೂರನೆಯ ದಾರಿಯೊಂದನ್ನು ತೆರೆಯುತ್ತದೆ: ಈ ಆಟದ ಬ್ಯಾಲೆನ್ಸ್ಡ್ ಮೋಡ್, 40 ಫ್ರೇಮ್. ಪರದೆ ಸೆಕೆಂಡಿಗೆ 120 ಸಲ ಹೊಸದಾಗುವುದರಿಂದ ಪ್ರತಿ ಫ್ರೇಮ್ ಸರಿಯಾಗಿ ಮೂರು ಸಲ ನಿಲ್ಲುತ್ತದೆ. 60 ಹರ್ಟ್ಸ್ ಟಿವಿಯಲ್ಲಾದರೆ ಒಂದು ಫ್ರೇಮ್ ಒಂದು ಸಲ, ಮುಂದಿನದು ಎರಡು ಸಲ ನಿಂತು ಚಲನೆ ಕುಂಟುತ್ತದೆ. ಸಂಖ್ಯೆಯಲ್ಲಿ ನಲವತ್ತು ಮೂವತ್ತಕ್ಕೆ ಹತ್ತಿರವಿದ್ದರೂ, ಸಮಯದ ಲೆಕ್ಕದಲ್ಲಿ 25 ಮಿಲಿಸೆಕೆಂಡ್ ಎಂದರೆ 33.3 ಮತ್ತು 16.7ರ ನಟ್ಟನಡುವೆ. ಆಡುವಾಗಲೂ ಹಾಗೆಯೇ ಅನ್ನಿಸಿತು: ಹುಲ್ಲು ಮಿಣುಕುವುದು ಬಹುಮಟ್ಟಿಗೆ ನಿಂತಿತು, ಗುಡ್ಡದ ಜಿಗಿತವೂ ಕಣ್ಣಿಗೆ ಚುಚ್ಚಲಿಲ್ಲ.

ಇದು ಸಿಗದಿದ್ದರೆ ಆಟವನ್ನು ದೂರುವ ಮೊದಲು ಜೋಡಣೆಯನ್ನು ನೋಡಬೇಕು. ಅನೇಕ ಟಿವಿಗಳಲ್ಲಿ ಎಲ್ಲ ಎಚ್‌ಡಿಎಂಐ ಪೋರ್ಟ್‌ಗಳೂ 120 ಹರ್ಟ್ಸ್ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳುವ ಪೋರ್ಟ್‌ಗೂ ಟಿವಿಯ ಮೆನುವಿನಲ್ಲಿ ಹೆಚ್ಚಿನ ಸಿಗ್ನಲ್‌ಗೆ ಪ್ರತ್ಯೇಕವಾಗಿ ಅನುಮತಿ ಕೊಡಬೇಕಾಗುತ್ತದೆ. ಪಿಎಸ್5ಕ್ಕೆ ಜೊತೆಯಲ್ಲಿ ಬಂದ ಕೇಬಲ್ಲನ್ನೇ ಬಳಸಿ, `Screen and Video` ಒಳಗಿನ `Video Output` ಪುಟದಲ್ಲಿ `Enable 120 Hz Output` ಎಂಬುದನ್ನು `Automatic` ಮಾಡಬೇಕು. ಡಬ್ಬಿಯ ಮೇಲೆ 120 ಎಂದು ಬರೆದಿದ್ದರೂ ಪ್ಯಾನೆಲ್ 60 ಹರ್ಟ್ಸ್‌ನದೇ ಆಗಿರುವ ಟಿವಿಗಳಿವೆ. ಅಂಥವುಗಳಲ್ಲಿ ಈ ಮೋಡ್‌ನ ಆಸೆ ಬಿಡಬೇಕು. ಇನ್ನು ಆಟದ ಫ್ರೇಮ್‌ಗಳ ವೇಗಕ್ಕೆ ತಕ್ಕಂತೆ ಪರದೆಯ ವೇಗವನ್ನೂ ಬದಲಿಸುವ ವಿಆರ್‌ಆರ್ ಎಲ್ಲವನ್ನೂ ಸರಿಮಾಡುತ್ತದೆ ಎಂದೂ ನಂಬಬಾರದು. ಪಿಎಸ್5ರಲ್ಲಿ ಅದು 48ರಿಂದ 120 ಹರ್ಟ್ಸ್‌ವರೆಗೆ ಕೆಲಸ ಮಾಡುತ್ತದೆ. 60ರಿಂದ 52ಕ್ಕೆ ಇಳಿದ ಆಟವನ್ನು ಅದು ನಯವಾಗಿ ತೋರಿಸುತ್ತದೆ, ಆದರೆ 30ರ ಕ್ವಾಲಿಟಿ ಮೋಡ್‌ಗೆ ಅದರಿಂದ ಉಪಯೋಗವಿಲ್ಲ.

ಈಗ ನಮ್ಮ ಮನೆಯಲ್ಲಿ ಗುಂಡು, ಕಾರು, ಕಾದಾಟದ ಆಟಗಳಿಗೆ ಮಾತೇ ಇಲ್ಲ, ಪರ್ಫಾರ್ಮೆನ್ಸ್ ಮೋಡ್. ಊರು ಸುತ್ತಿ ಕತೆ ಕೇಳುವ ಆಟದಲ್ಲಿ ನಲವತ್ತು ಇದ್ದರೆ ನಾನು ನಲವತ್ತನ್ನೇ ಆರಿಸುತ್ತೇನೆ, ತಮ್ಮ ಅಲ್ಲಿಯೂ ಅರವತ್ತೇ ಬೇಕೆನ್ನುತ್ತಾನೆ. ಮೂವತ್ತರ ಮೋಡನ್ನು ಫೋಟೊ ತೆಗೆಯುವಾಗ ಮಾತ್ರ ಹಾಕುತ್ತೇವೆ.